ಫೈಬ್ರೋಸಿಸ್‌ಗೆ ಕಂಪ್ಯೂಟರ್ ಹುಡುಕಿದ ಗುಳಿಗೆ: ಸುದ್ದಿ ಎಷ್ಟು ನಿಜ, ಔಷಧ ಎಷ್ಟು ದೂರ

ಪ್ರಶ್ನೆ: ನಾವು ಸೇಡಂ ತಾಲ್ಲೂಕಿನವರು, ತೊಗರಿ ಬೆಳೆಯುತ್ತೇವೆ. ತಂದೆಯವರಿಗೆ 66 ವರ್ಷ. ಕಳೆದ ವರ್ಷ ಕಲಬುರಗಿಯಲ್ಲಿ ಸಿಟಿ ಸ್ಕ್ಯಾನ್ ಮಾಡಿಸಿದಾಗ ಈಡಿಯೋಪತಿಕ್ ಪಲ್ಮನರಿ ಫೈಬ್ರೋಸಿಸ್, ಅಂದರೆ ಶ್ವಾಸಕೋಶ ಕಲೆಗಟ್ಟಿ ಗಡುಸಾಗುವ ರೋಗ, ಎಂದರು. ಅಂದಿನಿಂದ ಪಿರ್ಫೆನಿಡೋನ್ ಗುಳಿಗೆ ನಡೆದಿದೆ. ಅದರಿಂದ ಊಟ ಸೇರುವುದಿಲ್ಲ, ಬಿಸಿಲಿಗೆ ಹೋದರೆ ಮೈ ಕೆಂಪಾಗುತ್ತದೆ. ಉಸಿರಿನ ಪರೀಕ್ಷೆಯಲ್ಲಿ ಎಫ್‌ವಿಸಿ, ಅಂದರೆ ಪೂರ್ತಿ ಉಸಿರೆಳೆದು ಊದಿದಾಗ ಹೊರಬರುವ ಗಾಳಿ, 2.10 ಲೀಟರ್ ಇದ್ದದ್ದು ಒಂದು ವರ್ಷದಲ್ಲಿ 1.95ಕ್ಕೆ ಇಳಿದಿದೆ. ಎಐ ಎಲ್ಲ ಪ್ರೋಟೀನ್‌ಗಳ ರಚನೆ ಕಂಡುಹಿಡಿದಿದೆ, ಅದರಿಂದ ಇದೇ ರೋಗಕ್ಕೆ 18 ತಿಂಗಳಲ್ಲಿ ಔಷಧ ತಯಾರಾಗಿದೆ, ಶ್ವಾಸಕೋಶ ಮೊದಲಿನಂತಾಗುತ್ತದೆ ಎಂಬ ವಿಡಿಯೊ ನೋಡಿದೆ. ಹೈದರಾಬಾದಿನಲ್ಲಿರುವ ಭಾವನಿಗೆ ಪರಿಚಯವಿರುವ ಒಬ್ಬರು 80 ಸಾವಿರ ರೂಪಾಯಿ ಕೊಟ್ಟರೆ ಟ್ರಯಲ್‌ಗೆ ಹೆಸರು ಸೇರಿಸುತ್ತಾರಂತೆ, ಈಗಿನ ಗುಳಿಗೆ ನಿಲ್ಲಿಸಬೇಕಂತೆ. ಔಷಧ ಸಿದ್ಧವಾಗಿದ್ದರೆ ಇನ್ನೂ ವರ್ಷಗಟ್ಟಲೆ ಪರೀಕ್ಷೆ ಏಕೆ? ನಾವು ಏನು ಮಾಡಬೇಕು?

ಉತ್ತರ: ಹಣ ಕೊಡಬೇಡಿ, ಗುಳಿಗೆ ನಿಲ್ಲಿಸಬೇಡಿ. ಉಳಿದದ್ದನ್ನು ಬಿಡುವಾದಾಗ ಓದಬಹುದು, ಈ ಎರಡು ಮಾತು ಮಾತ್ರ ಇಂದೇ ಮನೆಯವರಿಗೆ ತಿಳಿಯಲಿ. ಕ್ಲಿನಿಕಲ್ ಟ್ರಯಲ್‌ನಲ್ಲಿ ಪ್ರಯೋಗದ ಔಷಧಕ್ಕೆ ರೋಗಿ ಹಣ ಕೊಡುವ ಪದ್ಧತಿ ಇಲ್ಲ. ಪ್ರಯೋಗದಿಂದ ತೊಂದರೆಯಾದರೆ ಚಿಕಿತ್ಸೆ ಮತ್ತು ಪರಿಹಾರ ಕೊಡುವ ಹೊಣೆಯನ್ನು 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಪ್ರಯೋಗ ನಡೆಸುವವರ ಮೇಲೆಯೇ ಹೊರಿಸಿವೆ. ಹೆಸರು ಸೇರಿಸಲು ಹಣ ಕೇಳುವವನ ಬಳಿ ಇರುವುದು ಟ್ರಯಲ್ ಅಲ್ಲ, ವ್ಯಾಪಾರ.

ಇನ್ನು ವಿಡಿಯೊ. ಅದು ಪೂರ್ತಿ ಸುಳ್ಳಲ್ಲ, ಅದೇ ತೊಡಕು. ಪ್ರೋಟೀನ್ ರಚನೆಯ ಸಾಧನೆ ನಿಜ. ನಿಮ್ಮ ತಂದೆಯವರ ರೋಗಕ್ಕೆ ಎಐ ನೆರವಿನಿಂದ ಒಂದು ಔಷಧ ಹುಟ್ಟಿರುವುದೂ ನಿಜ. ಆದರೆ ಇವು ಬೇರೆ ಬೇರೆ ಸಂಗತಿಗಳು. ವಿಡಿಯೊ ಮಾಡಿದವರು ಎರಡನ್ನೂ ಗಂಟು ಹಾಕಿ, ಗಂಟಿನ ತುದಿಗೆ ‘ಗುಣವಾಗುತ್ತದೆ’ ಎಂಬ ಮಾತನ್ನು ತಮ್ಮ ಕಡೆಯಿಂದ ಕಟ್ಟಿದ್ದಾರೆ. ನಾನು ವೈದ್ಯಕೀಯ ವಿದ್ಯಾರ್ಥಿಗಳಿಗೆ ಔಷಧಶಾಸ್ತ್ರ ಕಲಿಸುವವನು, ಟ್ರಯಲ್‌ಗಳ ಕಡತ ನೋಡುವ ನೈತಿಕ ಸಮಿತಿಯಲ್ಲಿಯೂ ಕುಳಿತವನು. ಆ ಗಂಟನ್ನು ನನಗೆ ತಿಳಿದ ಮಟ್ಟಿಗೆ ಬಿಚ್ಚುತ್ತೇನೆ.

ದೇಹದ ಬಹುಪಾಲು ಕೆಲಸ ಮಾಡುವುದು ಪ್ರೋಟೀನ್‌ಗಳು. ಅಮೈನೊ ಆಮ್ಲಗಳ ಉದ್ದನೆಯ ಸರಪಳಿ ತನ್ನಷ್ಟಕ್ಕೆ ತಾನೇ ಮಡಚಿಕೊಂಡು ಒಂದು ಆಕಾರ ಪಡೆಯುತ್ತದೆ. ಆ ಆಕಾರದಲ್ಲಿ ಅಲ್ಲಲ್ಲಿ ಸಣ್ಣ ಕುಳಿಗಳಿರುತ್ತವೆ. ಔಷಧದ ಅಣು ಸಾಮಾನ್ಯವಾಗಿ ಅಂಥ ಒಂದು ಕುಳಿಯಲ್ಲಿ ಕೂತು ಪ್ರೋಟೀನ್‌ನ ಕೆಲಸವನ್ನು ತಡೆಯುತ್ತದೆ ಅಥವಾ ಬದಲಿಸುತ್ತದೆ. ಆಕಾರ ತಿಳಿಯಬೇಕಾದರೆ ಹಿಂದೆ ಪ್ರೋಟೀನನ್ನು ಶುದ್ಧೀಕರಿಸಿ, ಹರಳುಗಟ್ಟಿಸಿ, ಎಕ್ಸ್-ರೇ ಹಾಯಿಸಿ ಲೆಕ್ಕ ಹಾಕಬೇಕಿತ್ತು. ಒಂದೊಂದಕ್ಕೆ ತಿಂಗಳುಗಳು, ಕೆಲವಕ್ಕೆ ವರ್ಷಗಳು ಹಿಡಿಯುತ್ತಿದ್ದವು. ಸರಪಳಿ ಯಾವ ಕೋನಗಳಲ್ಲಿ ಬಾಗಬಲ್ಲದು, ಯಾವುದರಲ್ಲಿ ಬಾಗಲಾರದು ಎಂಬುದನ್ನು 1963ರಲ್ಲಿ ಮದ್ರಾಸಿನಲ್ಲಿ ಜಿ. ಎನ್. ರಾಮಚಂದ್ರನ್ ಮತ್ತು ಸಂಗಡಿಗರು ನಕ್ಷೆ ಮಾಡಿ ತೋರಿಸಿದ್ದರು. ಇಂದಿಗೂ ಯಾವುದೇ ಪ್ರೋಟೀನ್ ರಚನೆ ಸರಿಯಿದೆಯೇ ಎಂದು ನೋಡಲು ಆ ನಕ್ಷೆಯ ಮೇಲೆ ಇಟ್ಟು ಪರೀಕ್ಷಿಸುತ್ತಾರೆ. ರಾಮಚಂದ್ರನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು ಎಂಬುದನ್ನು ನಮ್ಮ ವಿದ್ಯಾರ್ಥಿಗಳಿಗೆ ಹೇಳದೆ ನಾನು ಈ ಪಾಠ ಮುಂದುವರಿಸುವುದಿಲ್ಲ.

ಅಮೈನೊ ಆಮ್ಲಗಳನ್ನು ಸೂಚಿಸುವ ಅಕ್ಷರಗಳ ಸಾಲನ್ನು ನೋಡಿ ಪ್ರೋಟೀನ್‌ನ ಆಕಾರವನ್ನು ಊಹಿಸುವ ಸ್ಪರ್ಧೆಯೊಂದು ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. 2020ರಲ್ಲಿ ಡೀಪ್‌ಮೈಂಡ್ ಸಂಸ್ಥೆಯ ಆಲ್ಫಾಫೋಲ್ಡ್ ಅಲ್ಲಿ ತೋರಿಸಿದ ನಿಖರತೆ, ಅನೇಕ ಪ್ರೋಟೀನ್‌ಗಳ ಮಟ್ಟಿಗೆ ಪ್ರಯೋಗಾಲಯದ ಅಳತೆಗೆ ಹತ್ತಿರವಿತ್ತು. 2022ರ ಹೊತ್ತಿಗೆ 20 ಕೋಟಿಗೂ ಹೆಚ್ಚು ಪ್ರೋಟೀನ್‌ಗಳ ಊಹಿತ ರಚನೆಗಳು ಯಾರು ಬೇಕಾದರೂ ನೋಡುವಂತೆ ಉಚಿತವಾಗಿ ಸಿಕ್ಕವು. 2024ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಅರ್ಧ ಪಾಲು ಇದೇ ಕೆಲಸಕ್ಕೆ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ ಹೋಯಿತು. ಇನ್ನರ್ಧ ಹೊಸ ಪ್ರೋಟೀನ್‌ಗಳನ್ನು ವಿನ್ಯಾಸ ಮಾಡಿದ ಡೇವಿಡ್ ಬೇಕರ್ ಅವರಿಗೆ. ಐವತ್ತು ವರ್ಷ ಕಾಡಿದ ಸಮಸ್ಯೆಯೊಂದು ಬಹುಮಟ್ಟಿಗೆ ಬಗೆಹರಿಯಿತು ಎಂದರೆ ಅತಿಶಯೋಕ್ತಿಯಲ್ಲ.

ಆದರೆ ಆ ಭಂಡಾರದಲ್ಲಿರುವುದು ಅಳತೆಯಲ್ಲ, ಊಹೆ. ತನ್ನ ಊಹೆಯ ಮೇಲೆ ತನಗೇ ಎಷ್ಟು ಭರವಸೆ ಎಂಬುದನ್ನು ಆಲ್ಫಾಫೋಲ್ಡ್ ಪ್ರತಿಯೊಂದು ಕೊಂಡಿಗೂ 0ಯಿಂದ 100ರವರೆಗೆ ಅಂಕ ಕೊಟ್ಟು ಹೇಳುತ್ತದೆ. 90 ದಾಟಿದರೆ ತುಂಬ ನಂಬಬಹುದು, 50ಕ್ಕಿಂತ ಕಡಿಮೆಯಿದ್ದರೆ ಆ ಭಾಗಕ್ಕೆ ಸ್ಥಿರ ಆಕಾರವೇ ಇಲ್ಲದಿರಬಹುದು. ಮನುಷ್ಯರ ಪ್ರೋಟೀನ್‌ಗಳನ್ನೆಲ್ಲ 2021ರಲ್ಲಿ ಮೊದಲು ಲೆಕ್ಕ ಹಾಕಿದಾಗ, ಒಟ್ಟು ಕೊಂಡಿಗಳಲ್ಲಿ 58 ಶೇಕಡಾ ಮಾತ್ರ ಭರವಸೆಯ ಮಟ್ಟ ಮುಟ್ಟಿದ್ದವು. ಉಳಿದ ಭಾಗಗಳು ಪರದೆಯ ಮೇಲೆ ಸಡಿಲ ದಾರದಂತೆ ಜೋತಾಡುತ್ತಿರುತ್ತವೆ. ವಿಡಿಯೊ ಮಾಡುವವರು ಆ ದಾರಗಳನ್ನು ತೋರಿಸುವುದಿಲ್ಲ. ಇನ್ನೊಂದು ಮಿತಿ ಔಷಧ ಮಾಡುವವರಿಗೆ ಹೆಚ್ಚು ಕಾಡುವಂಥದ್ದು: ಸಿಗುವುದು ನಿಂತ ಒಂದು ಭಂಗಿ. ದೇಹದೊಳಗೆ ಪ್ರೋಟೀನ್ ಅಲುಗಾಡುತ್ತದೆ, ಅಣುವೊಂದು ಹತ್ತಿರ ಬಂದಾಗ ಕುಳಿ ಹಿಗ್ಗುತ್ತದೆ, ಕೆಲವೊಮ್ಮೆ ಮೊದಲು ಇಲ್ಲದ ಕುಳಿ ತೆರೆದುಕೊಳ್ಳುತ್ತದೆ. 2024ರಲ್ಲಿ ಬಂದ ಮೂರನೇ ಆವೃತ್ತಿ ಔಷಧದ ಅಣು ಪ್ರೋಟೀನ್‌ಗೆ ಹೇಗೆ ಅಂಟಬಹುದೆಂದು ಸಹ ಊಹಿಸುತ್ತದೆ, ಅದು ದೊಡ್ಡ ಹೆಜ್ಜೆಯೇ. ಆದರೂ ಎಷ್ಟು ಬಿಗಿಯಾಗಿ ಅಂಟುತ್ತದೆ ಎಂಬುದನ್ನು ಇಂದಿಗೂ ಗಾಜಿನ ನಳಿಕೆಯಲ್ಲಿ ಅಳೆದೇ ನಂಬುತ್ತಾರೆ.

ಆಕಾರದಿಂದ ಔಷಧದ ಕಡೆಗೆ ಎಷ್ಟು ದೂರ ನಡೆಯಬಹುದು ಎಂಬುದಕ್ಕೆ ಒಳ್ಳೆಯ ಉದಾಹರಣೆಯಿದೆ. ಇನ್‌ಸಿಲಿಕೊ ಮೆಡಿಸಿನ್ ಎಂಬ ಕಂಪನಿ ಮತ್ತು ಅದರ ಸಹಯೋಗಿಗಳು ಯಕೃತ್ತಿನ ಕ್ಯಾನ್ಸರಿಗೆ ಸಂಬಂಧಿಸಿದ ಸಿಡಿಕೆ20 ಎಂಬ ಪ್ರೋಟೀನನ್ನು ಆರಿಸಿಕೊಂಡರು. ಅದರ ರಚನೆಯನ್ನು ಯಾರೂ ಪ್ರಯೋಗದಿಂದ ಕಂಡಿರಲಿಲ್ಲ, ಆಲ್ಫಾಫೋಲ್ಡ್‌ನ ಊಹೆಯೊಂದೇ ಆಧಾರ. ಗುರಿಯನ್ನು ಆರಿಸಿದ 30 ದಿನಗಳೊಳಗೆ, ಕೇವಲ ಏಳು ಅಣುಗಳನ್ನು ತಯಾರಿಸಿ ನೋಡಿ, ಅಂಟುವ ಒಂದನ್ನು ಹಿಡಿದರು. ಹಳೆಯ ರೀತಿಯಲ್ಲಿ ಹುಡುಕಿದ್ದರೆ ಸಾವಿರಾರು ಅಣುಗಳನ್ನು ಜಾಲಾಡಬೇಕಾಗುತ್ತಿತ್ತು. ಆದರೆ ಆ ಅಣು ಅಂಟಿದ್ದು ಸಡಿಲವಾಗಿ. ಎರಡನೇ ಸುತ್ತಿನಲ್ಲಿ ಬಿಗಿತ ಸುಮಾರು ಹದಿನಾರು ಪಟ್ಟು ಹೆಚ್ಚಿತು. ಅಷ್ಟಾದರೂ ಅದು ಔಷಧವಲ್ಲ, ಔಷಧದ ಹುಡುಕಾಟಕ್ಕೆ ಸಿಕ್ಕ ಆರಂಭದ ಎಳೆ. ಹೊಟ್ಟೆಯಿಂದ ರಕ್ತಕ್ಕೆ ಹೋಗುತ್ತದೆಯೇ, ಯಕೃತ್ತು ಅದನ್ನು ಅರ್ಧ ಗಂಟೆಯಲ್ಲಿ ಒಡೆದುಹಾಕುತ್ತದೆಯೇ, ಹೃದಯದ ಬಡಿತ ಕೆಡಿಸುತ್ತದೆಯೇ ಎಂಬ ಪ್ರಶ್ನೆಗಳು ಅಲ್ಲಿಂದ ಮುಂದೆ ಶುರುವಾಗುತ್ತವೆ. ಪ್ರೋಟೀನ್‌ನ ಆಕಾರದಲ್ಲಿ ಈ ಪ್ರಶ್ನೆಗಳಿಗೆ ಉತ್ತರವಿಲ್ಲ.

ನಿಮ್ಮ ವಿಡಿಯೊದ ಔಷಧ ಇದೇ ಕಂಪನಿಯದು, ಹೆಸರು ರೆಂಟೊಸರ್ಟಿಬ್. ಅಚ್ಚರಿಯೆಂದರೆ ಅದರ ಕಥೆಯಲ್ಲಿ ಆಲ್ಫಾಫೋಲ್ಡ್ ನಾಯಕನಲ್ಲ. ಅದು ತಡೆಯುವ ಟಿಎನ್‌ಐಕೆ ಎಂಬ ಪ್ರೋಟೀನ್‌ನ ಮುಖ್ಯ ಭಾಗದ ರಚನೆ ಪ್ರಯೋಗಾಲಯಗಳಲ್ಲಿ ಮೊದಲೇ ಕಂಡುಬಂದಿತ್ತು. ಇಲ್ಲಿ ಎಐ ಮಾಡಿದ್ದು ಬೇರೆ ಕೆಲಸ. ಫೈಬ್ರೋಸಿಸ್ ಆದ ಅಂಗಾಂಶಗಳ ಜೀನ್ ದತ್ತಾಂಶ ಮತ್ತು ಪ್ರಕಟಿತ ಸಂಶೋಧನೆಗಳನ್ನು ಜಾಲಾಡಿ, ‘ಈ ರೋಗದಲ್ಲಿ ತಡೆಯಬೇಕಾದದ್ದು ಇದನ್ನು’ ಎಂದು ಟಿಎನ್‌ಐಕೆಯತ್ತ ಬೊಟ್ಟು ಮಾಡಿತು. ಅದುವರೆಗೆ ಆ ಪ್ರೋಟೀನ್ ಹೆಚ್ಚಾಗಿ ಕ್ಯಾನ್ಸರ್ ಸಂಶೋಧಕರ ಕೈಯಲ್ಲಿತ್ತು. ಬಳಿಕ ಇನ್ನೊಂದು ಎಐ ವ್ಯವಸ್ಥೆ ಅದರ ಕುಳಿಗೆ ಹೊಂದುವ ಅಣುಗಳನ್ನು ಸೂಚಿಸಿತು. 80ಕ್ಕಿಂತ ಕಡಿಮೆ ಅಣುಗಳನ್ನು ತಯಾರಿಸಿ ಪರೀಕ್ಷಿಸಿ, ಸುಮಾರು 18 ತಿಂಗಳಲ್ಲಿ ಒಂದನ್ನು ಆರಿಸಿಕೊಂಡರು. ನೀವು ಕೇಳಿದ 18 ತಿಂಗಳು ಇದೇ. ಗುರಿ ಗುರುತಿಸಿದಲ್ಲಿಂದ ‘ಮನುಷ್ಯರ ಮೇಲೆ ಪರೀಕ್ಷಿಸಲು ಸಿದ್ಧತೆ ಮಾಡಬಹುದಾದ ಅಣು’ ಸಿಕ್ಕಲ್ಲಿಯವರೆಗಿನ ಅವಧಿ ಅದು. ಆ ಹಂತಕ್ಕೆ ವಾಡಿಕೆಯಲ್ಲಿ ಮೂರು ನಾಲ್ಕು ವರ್ಷವಾದರೂ ಹಿಡಿಯುತ್ತದೆ. ಉಳಿತಾಯ ದೊಡ್ಡದೇ. ಆದರೆ ಅದು ದಾರಿಯ ಮೊದಲ ತುಂಡಿನ ಉಳಿತಾಯ.

ಮುಂದಿನ ತುಂಡು ನೋಡಿ. 2021ರ ಕೊನೆಗೆ ಆಸ್ಟ್ರೇಲಿಯಾದಲ್ಲಿ ಆರೋಗ್ಯವಂತ ಸ್ವಯಂಸೇವಕರಿಗೆ ಅತಿ ಸಣ್ಣ ಪ್ರಮಾಣ ಕೊಟ್ಟರು. ಬಳಿಕ ನ್ಯೂಜಿಲೆಂಡ್ ಮತ್ತು ಚೀನಾದಲ್ಲಿ ಸುರಕ್ಷತೆಯ ಪರೀಕ್ಷೆಗಳು ನಡೆದವು. 2023ರಲ್ಲಿ ಚೀನಾದಲ್ಲಿ ಮೊದಲ ಬಾರಿಗೆ ರೋಗಿಗಳಿಗೆ ಕೊಡಲು ಆರಂಭಿಸಿದರು. ಅದರ ಫಲಿತಾಂಶ ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು 2025ರ ಜೂನ್‌ನಲ್ಲಿ. ಅಂದರೆ ಅಣು ಕೈಗೆ ಬಂದ ಮೇಲೆ ನಾಲ್ಕು ವರ್ಷ ಕಳೆದು ಮುಟ್ಟಿದ್ದು ಮೂರು ಹಂತಗಳ ಪರೀಕ್ಷೆಯಲ್ಲಿ ಎರಡನೇ ಹಂತದ ಮೊದಲ ಅರ್ಧವನ್ನು. ನಾನು ಇದನ್ನು ಬರೆಯುವ ಹೊತ್ತಿಗೆ ಈ ಔಷಧಕ್ಕೆ ಮಾರಾಟದ ಅನುಮತಿ ಸಿಕ್ಕಿಲ್ಲ. ಯಾವ ಮೆಡಿಕಲ್ ಅಂಗಡಿಯಲ್ಲಿಯೂ ಅದು ಸಿಗಲಾರದು. ಸಿಗುತ್ತದೆ ಎಂದು ಯಾರಾದರೂ ಕೊಟ್ಟರೆ ಪೊಟ್ಟಣದಲ್ಲಿರುವುದು ಇನ್ನೇನೋ.

ಆ ಪರೀಕ್ಷೆಯಲ್ಲಿದ್ದವರು 71 ರೋಗಿಗಳು, ಅವಧಿ 12 ವಾರ. ನಾಲ್ಕು ಗುಂಪು: ಮೂರಕ್ಕೆ ಬೇರೆ ಬೇರೆ ಪ್ರಮಾಣದ ಔಷಧ, ಒಂದಕ್ಕೆ ಔಷಧವಿಲ್ಲದ ತೋರಿಕೆಯ ಗುಳಿಗೆ, ಅಂದರೆ ಪ್ಲಾಸಿಬೊ. ದಿನಕ್ಕೊಮ್ಮೆ 60 ಮಿಲಿಗ್ರಾಂ ತೆಗೆದುಕೊಂಡ 18 ಜನರಲ್ಲಿ ಎಫ್‌ವಿಸಿ ಸರಾಸರಿ 98.4 ಮಿಲಿಲೀಟರ್ ಏರಿತು. ಪ್ಲಾಸಿಬೊ ಗುಂಪಿನಲ್ಲಿ 20.3 ಮಿಲಿಲೀಟರ್ ಇಳಿಯಿತು. ಈ ರೋಗದಲ್ಲಿ ಎಫ್‌ವಿಸಿ ಏರುವುದು ಅಪರೂಪ, ಆದ್ದರಿಂದ ಸುದ್ದಿಯಾದದ್ದು ತಪ್ಪಲ್ಲ. ನನಗೂ ಅದನ್ನು ಓದಿ ಸಂತೋಷವಾಯಿತು.

ಆದರೆ 98 ಮಿಲಿಲೀಟರ್ ಎಂದರೆ ಎಷ್ಟು? ತಂದೆಯವರು ಊದುವ ಸ್ಪೈರೊಮೆಟ್ರಿ ಪರೀಕ್ಷೆಯನ್ನು ನೆನಪಿಸಿಕೊಳ್ಳಿ. ತಂತ್ರಜ್ಞರು ‘ಇನ್ನೊಮ್ಮೆ, ಪೂರ್ತಿ ಊದಿ’ ಎಂದು ಕನಿಷ್ಠ ಮೂರು ಬಾರಿ ಊದಿಸುತ್ತಾರೆ. ಅತ್ಯುತ್ತಮವಾದ ಎರಡು ಊದುವಿಕೆಗಳ ನಡುವೆ 150 ಮಿಲಿಲೀಟರ್ ವ್ಯತ್ಯಾಸವಿದ್ದರೂ ಪರೀಕ್ಷೆ ಸರಿಯಾಗಿದೆ ಎಂದೇ ಅಂತರರಾಷ್ಟ್ರೀಯ ಮಾನದಂಡ ಒಪ್ಪುತ್ತದೆ. ಒಬ್ಬ ಮನುಷ್ಯ ಒಂದೇ ದಿನ ಒಂದೇ ಯಂತ್ರದಲ್ಲಿ ಊದಿದಾಗಲೇ ಇಷ್ಟು ಹೆಚ್ಚುಕಡಿಮೆ ಸಾಧ್ಯ. ಅನೇಕರ ಸರಾಸರಿ ತೆಗೆದಾಗ ಈ ಏರುಪೇರು ಒಂದನ್ನೊಂದು ಹೊಡೆದುಹಾಕುತ್ತದೆ, ಆದರೆ 18 ಎಂಬುದು ‘ಅನೇಕ’ ಅಲ್ಲ. ಸಂಶೋಧಕರೇ ತಮ್ಮ ಲೆಕ್ಕದ ಅನಿಶ್ಚಿತತೆಯನ್ನು ಕೊಟ್ಟಿದ್ದಾರೆ: ಔಷಧದ ಗುಂಪಿನ ನಿಜವಾದ ಬದಲಾವಣೆ ಸುಮಾರು 11ರಿಂದ 186ರ ನಡುವೆ ಎಲ್ಲಿಯೂ ಇರಬಹುದು, ಪ್ಲಾಸಿಬೊ ಗುಂಪಿನದು 116ರ ಇಳಿಕೆಯಿಂದ 76ರ ಏರಿಕೆಯವರೆಗೆ. ಎರಡು ವ್ಯಾಪ್ತಿಗಳು ಒಂದರ ಮೇಲೊಂದು ಹಾಯುತ್ತವೆ. ಜೊತೆಗೆ, ಔಷಧ ಬಿಟ್ಟವರಲ್ಲಿ ಹೆಚ್ಚಿನವರು ಯಕೃತ್ತಿನ ತೊಂದರೆ ಅಥವಾ ಭೇದಿಯ ಕಾರಣಕ್ಕೆ ಬಿಟ್ಟರು. ಈ ಪರೀಕ್ಷೆಯ ಮುಖ್ಯ ಉದ್ದೇಶ ಸುರಕ್ಷತೆ ನೋಡುವುದಾಗಿತ್ತು. ಔಷಧ ಕೆಲಸ ಮಾಡುತ್ತದೆ ಎಂದು ಸಾಬೀತುಪಡಿಸುವಷ್ಟು ದೊಡ್ಡದಾಗಿ ಅದನ್ನು ಕಟ್ಟಿರಲಿಲ್ಲ. ಗಾಯದ ಕಲೆಯಾಗಿ ಗಡುಸಾದ ಶ್ವಾಸಕೋಶ ಮೊದಲಿನಂತಾಯಿತು ಎಂದು ಆ ವರದಿ ಎಲ್ಲಿಯೂ ಹೇಳುವುದಿಲ್ಲ.

ಹನ್ನೆರಡು ವಾರದ ಆಶೆ ಮುಂದೆ ಏನಾಗಬಹುದು ಎಂಬುದನ್ನು ಇದೇ ರೋಗದ ಇನ್ನೊಂದು ಔಷಧದ ಮೂಲಕ ಹೇಳುತ್ತೇನೆ. ಅದು ಎಐ ಹುಡುಕಿದ್ದಲ್ಲ, ಅದರಿಂದ ಪಾಠವೇನೂ ಬದಲಾಗುವುದಿಲ್ಲ. ಝಿರಿಟ್ಯಾಕ್ಸೆಸ್ಟಾಟ್ ಎಂಬ ಗುಳಿಗೆಯನ್ನು 23 ರೋಗಿಗಳಲ್ಲಿ 12 ವಾರ ಪರೀಕ್ಷಿಸಿದ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಔಷಧ ಪಡೆದವರಲ್ಲಿ ಎಫ್‌ವಿಸಿ 8 ಮಿಲಿಲೀಟರ್ ಏರಿತ್ತು, ಪ್ಲಾಸಿಬೊದವರಲ್ಲಿ 87 ಇಳಿದಿತ್ತು. ಎರಡು ಗುಂಪುಗಳ ನಡುವಿನ ಅಂತರ 95. ರೆಂಟೊಸರ್ಟಿಬ್‌ನ ಅಂತರ ಸುಮಾರು 119 ಎಂಬುದನ್ನು ಪಕ್ಕದಲ್ಲಿಟ್ಟು ನೋಡಿ, ಎರಡೂ ಒಂದೇ ಜಾತಿಯ ಸುದ್ದಿ. ಆಗಲೂ ಎಲ್ಲರೂ ಹಿಗ್ಗಿದರು. 1,300ಕ್ಕೂ ಹೆಚ್ಚು ರೋಗಿಗಳನ್ನು ಸೇರಿಸಿ ಮೂರನೇ ಹಂತದ ಎರಡು ಪರೀಕ್ಷೆಗಳನ್ನು ನಡೆಸಿದರು. 2021ರ ಫೆಬ್ರುವರಿಯಲ್ಲಿ, ದತ್ತಾಂಶದ ಮೇಲೆ ಕಣ್ಣಿಡುವ ಸ್ವತಂತ್ರ ಸಮಿತಿಯ ಸಲಹೆಯಂತೆ ಅವುಗಳನ್ನು ನಡುವೆಯೇ ನಿಲ್ಲಿಸಬೇಕಾಯಿತು. ಎಫ್‌ವಿಸಿ ಇಳಿಕೆಯನ್ನು ಔಷಧ ತಡೆದಿರಲಿಲ್ಲ. ಸಾವಿನ ಲೆಕ್ಕ ಔಷಧ ಪಡೆದವರ ಕಡೆಗೇ ಹೆಚ್ಚಾಗಿ ವಾಲಿತ್ತು. ಅಣು ಕುಳಿಯಲ್ಲಿ ಸರಿಯಾಗಿಯೇ ಕೂತಿತ್ತು, ಪ್ರೋಟೀನನ್ನು ತಡೆದೂ ಇತ್ತು. ಆ ಪ್ರೋಟೀನನ್ನು ತಡೆದರೆ ರೋಗಿಗೆ ಒಳ್ಳೆಯದಾಗುತ್ತದೆ ಎಂಬ ಎಣಿಕೆ ಹುಸಿಯಾಯಿತು. ಇಂಥ ಹುಸಿ ಎಣಿಕೆಯನ್ನು ಯಾವ ರಚನಾಚಿತ್ರವೂ ಮುಂಚಿತವಾಗಿ ತೋರಿಸಲಾರದು.

ಹಳೆಯ ಔಷಧಗಳಿಗೂ ಇದೇ ಮಾತು ಸಲ್ಲುತ್ತದೆ. ಸ್ಟಿರಾಯ್ಡ್, ಅಜಥಯೋಪ್ರಿನ್ ಮತ್ತು ಅಸಿಟೈಲ್‌ಸಿಸ್ಟೀನ್ ಈ ಮೂರನ್ನೂ ಸೇರಿಸಿ ಕೊಡುವುದು ಒಂದು ಕಾಲಕ್ಕೆ ಈ ರೋಗಕ್ಕೆ ಜಗತ್ತಿನಾದ್ಯಂತ ರೂಢಿಯಾಗಿತ್ತು. ಅಮೆರಿಕದಲ್ಲಿ ಅದನ್ನು ಪ್ಲಾಸಿಬೊ ಜೊತೆ ಹೋಲಿಸಿ ನೋಡಿದಾಗ, ಔಷಧದ ಗುಂಪಿನಲ್ಲಿ 8 ಜನ ಸತ್ತಿದ್ದರು, ಪ್ಲಾಸಿಬೊ ಗುಂಪಿನಲ್ಲಿ ಒಬ್ಬರು. 2011ರಲ್ಲಿ ಆ ಪ್ರಯೋಗವನ್ನು ನಿಲ್ಲಿಸಿದರು. ಯಾರಾದರೂ ತಂದೆಯವರಿಗೆ ‘ಶಕ್ತಿ ಬರಲಿ’ ಎಂದು ದೀರ್ಘಕಾಲ ಸ್ಟಿರಾಯ್ಡ್ ಗುಳಿಗೆ ಕೊಡಲು ಹೊರಟರೆ, ಇದನ್ನು ನೆನಪಿಟ್ಟು ಶ್ವಾಸಕೋಶ ತಜ್ಞರನ್ನು ಕೇಳಿ. ದಿಢೀರ್ ಉಲ್ಬಣವಾದಾಗ ಆಸ್ಪತ್ರೆಯಲ್ಲಿ ಕೆಲವು ದಿನ ಕೊಡುವುದು ಬೇರೆ ವಿಷಯ.

ಪರೀಕ್ಷೆಯನ್ನು ಕಂಪ್ಯೂಟರಿನಿಂದ ಬೇಗ ಮುಗಿಸಲು ಬರುವುದಿಲ್ಲವೇ ಎಂದು ನನ್ನ ವಿದ್ಯಾರ್ಥಿಗಳೂ ಕೇಳುತ್ತಾರೆ. ಕೆಲವು ಭಾಗ ಬರುತ್ತದೆ: ಸೂಕ್ತ ರೋಗಿಗಳನ್ನು ದಾಖಲೆಗಳಿಂದ ಹುಡುಕುವುದು, ಸ್ಕ್ಯಾನ್ ಅಳೆಯುವುದು, ಕಾಗದಪತ್ರ. ಮುಖ್ಯ ಭಾಗಕ್ಕೆ ಬರುವುದಿಲ್ಲ. ನಿಮಗೆ ತೊಗರಿಯ ನೆಟೆ ರೋಗ ಗೊತ್ತು. ಹೊಸ ತಳಿಯ ಬೀಜ ಕುಂಡದಲ್ಲಿ ಎಷ್ಟೇ ಚೆನ್ನಾಗಿ ಮೊಳೆತರೂ, ಹೂವು ಕಾಯಿಯ ಹೊತ್ತಿಗೆ ಕಪ್ಪು ಮಣ್ಣಿನಲ್ಲಿ ಗಿಡ ನಿಂತಿದೆಯೇ ಒಣಗಿದೆಯೇ ಎಂದು ನೋಡಲು ಒಂದು ಹಂಗಾಮು ಕಾಯಲೇಬೇಕು. ಈ ರೋಗದಲ್ಲಿ ಉಸಿರಿನ ಅಳತೆ ವರ್ಷಕ್ಕೆ ಇನ್ನೂರು ಚಿಲ್ಲರೆ ಮಿಲಿಲೀಟರ್‌ನಂತೆ ಇಳಿಯುತ್ತದೆ. ಅದರಲ್ಲಿ ಎಪ್ಪತ್ತು ಎಂಬತ್ತು ಉಳಿಯಿತೇ ಎಂದು ತಿಳಿಯಲು ನೂರಾರು ಜನರನ್ನು 52 ವಾರ ನೋಡಬೇಕು. ಸಾವಿರಕ್ಕೆ ಒಬ್ಬರಿಗೆ ಯಕೃತ್ತು ಕೆಡುವುದಾದರೆ 71 ಜನರ ಪರೀಕ್ಷೆಯಲ್ಲಿ ಅದು ಕಾಣದೇ ಹೋಗುವ ಸಾಧ್ಯತೆಯೇ ಹೆಚ್ಚು.

ಪರೀಕ್ಷೆ ದಾಟಿದ್ದೂ ಇದೆ. ನೆರಾಂಡೊಮಿಲಾಸ್ಟ್ ಎಂಬ ಔಷಧದ 12 ವಾರಗಳ ಎರಡನೇ ಹಂತದ ಫಲಿತಾಂಶ 2022ರಲ್ಲಿ ಬಂತು. 1,177 ರೋಗಿಗಳ, ಒಂದು ವರ್ಷದ ಮೂರನೇ ಹಂತ 2025ರಲ್ಲಿ ಪ್ರಕಟವಾಯಿತು. ಪ್ಲಾಸಿಬೊ ಗುಂಪಿನಲ್ಲಿ ಎಫ್‌ವಿಸಿ 183.5 ಮಿಲಿಲೀಟರ್ ಇಳಿದರೆ, ಹೆಚ್ಚಿನ ಪ್ರಮಾಣ ಪಡೆದವರಲ್ಲಿ 114.7 ಇಳಿಯಿತು. ಗಮನಿಸಿ, ಇಲ್ಲಿ ಏರಿಕೆಯಿಲ್ಲ. ಇಳಿಕೆ ನಿಧಾನವಾಯಿತು, ಅಷ್ಟೇ. ಅಷ್ಟಕ್ಕೇ 2025ರ ಅಕ್ಟೋಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಕರು ಅನುಮತಿ ಕೊಟ್ಟರು, ಏಕೆಂದರೆ ಈ ರೋಗದಲ್ಲಿ ಅದೂ ದೊಡ್ಡದು. ಅದೇ ಪರೀಕ್ಷೆಯಲ್ಲಿ ನಿಮಗೆ ನೇರವಾಗಿ ಸಂಬಂಧಿಸಿದ ಇನ್ನೊಂದು ಸಂಗತಿಯೂ ಕಂಡಿತು. ಪಿರ್ಫೆನಿಡೋನ್ ಜೊತೆಗೆ ತೆಗೆದುಕೊಂಡರೆ ಈ ಹೊಸ ಔಷಧದ ಪ್ರಮಾಣ ರಕ್ತದಲ್ಲಿ ಕುಗ್ಗುತ್ತದೆ, ಹಾಗಾಗಿ ಅಂಥವರಲ್ಲಿ ಕಡಿಮೆ ಪ್ರಮಾಣದ ಗುಳಿಗೆ ಪ್ರಯೋಜನ ತೋರಲಿಲ್ಲ. ನೀವು ‘ವರ್ಷಗಟ್ಟಲೆ ಪರೀಕ್ಷೆ ಏಕೆ’ ಎಂದು ಕೇಳಿದ್ದಕ್ಕೆ ಇದಕ್ಕಿಂತ ನೇರ ಉತ್ತರ ನನ್ನಲ್ಲಿಲ್ಲ. ಈ ಔಷಧದ ಬಗ್ಗೆ ಮುಂದಿನ ಭೇಟಿಯಲ್ಲಿ ತಜ್ಞರನ್ನು ಕೇಳಿ.

ಈಗ ತಂದೆಯವರ ವಿಷಯ. 2.10ರಿಂದ 1.95ಕ್ಕೆ ಇಳಿದದ್ದನ್ನು ನೋಡಿ ಗುಳಿಗೆ ಕೆಲಸ ಮಾಡುತ್ತಿಲ್ಲ ಎಂದುಕೊಂಡಿರುವಂತಿದೆ. 2014ರ ಪಿರ್ಫೆನಿಡೋನ್ ಪರೀಕ್ಷೆಯಲ್ಲಿ, ವರ್ಷಕ್ಕೆ ಪ್ಲಾಸಿಬೊದವರಲ್ಲಿ 262 ಮಿಲಿಲೀಟರ್ ಇಳಿದರೆ ಗುಳಿಗೆ ತೆಗೆದುಕೊಂಡವರಲ್ಲಿ 122 ಇಳಿಯಿತು. ತಂದೆಯವರದು 150, ಅಂದರೆ ಮೊದಲಿದ್ದದ್ದರಲ್ಲಿ 7 ಶೇಕಡಾ. ಸಾಮಾನ್ಯವಾಗಿ 10 ಶೇಕಡಾ ದಾಟಿದರೆ ರೋಗ ಸ್ಪಷ್ಟವಾಗಿ ಮುಂದುವರಿದಿದೆ ಎನ್ನುತ್ತೇವೆ. 5ರಿಂದ 10ರ ನಡುವೆ ಇದ್ದರೆ ಎಚ್ಚರದಿಂದ ಗಮನಿಸುತ್ತೇವೆ. ಒಬ್ಬ ರೋಗಿಯಲ್ಲಿ, ಗುಳಿಗೆ ಇಲ್ಲದಿದ್ದರೆ ಎಷ್ಟು ಇಳಿಯುತ್ತಿತ್ತು ಎಂದು ಹೇಳಲು ದಾರಿಯಿಲ್ಲ. ಆದರೆ ಈ ಅಂಕಿ ಗುಳಿಗೆ ಸೋತಿದೆ ಎಂದು ಹೇಳುವುದಿಲ್ಲ. ಮೂರು ಆರು ತಿಂಗಳಿಗೊಮ್ಮೆ ಸಾಧ್ಯವಾದರೆ ಅದೇ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿ. ಕಲಬುರಗಿಯಲ್ಲಿ ಒಮ್ಮೆ, ಹೈದರಾಬಾದಿನಲ್ಲಿ ಒಮ್ಮೆ ಎಂದಾದರೆ ಹೋಲಿಸುವುದು ಕಷ್ಟ.

ಊಟ ಸೇರದಿರುವುದು ಮತ್ತು ಬಿಸಿಲಿಗೆ ಮೈ ಕೆಂಪಾಗುವುದು ಎರಡೂ ಈ ಗುಳಿಗೆಯ ಹೆಸರುವಾಸಿ ತೊಂದರೆಗಳು, ಬಹುಮಟ್ಟಿಗೆ ನಿಭಾಯಿಸಬಹುದಾದವು. ಖಾಲಿ ಹೊಟ್ಟೆಯಲ್ಲಿ ಬೇಡ. ರೊಟ್ಟಿ ಪಲ್ಯವನ್ನು ಅರ್ಧ ಉಂಡು, ಗುಳಿಗೆ ನುಂಗಿ, ಉಳಿದ ಊಟ ಮುಗಿಸಲಿ. ಅಷ್ಟಕ್ಕೂ ತಾಳದಿದ್ದರೆ ವೈದ್ಯರು ಕೆಲವು ವಾರ ಪ್ರಮಾಣ ಇಳಿಸಿ ಮತ್ತೆ ಮೆಲ್ಲಗೆ ಏರಿಸುತ್ತಾರೆ. ಆ ನಿರ್ಧಾರ ಅವರದಾಗಲಿ. ನಮ್ಮ ಭಾಗದ ಬಿಸಿಲಿನಲ್ಲಿ ಹೊಲಕ್ಕೆ ಹೋಗಲೇಬೇಕಾದರೆ ಮುಂಜಾನೆ ಬೇಗ ಹೋಗಿ ಬರಲಿ. ತುಂಬು ತೋಳಿನ ಅಂಗಿ, ತಲೆಗೆ ರುಮಾಲು, ಮುಖ ಮತ್ತು ಕೈಗೆ ಸನ್‌ಸ್ಕ್ರೀನ್ ಇರಲಿ. ಯಕೃತ್ತಿನ ರಕ್ತಪರೀಕ್ಷೆ ಮೊದಲ ಆರು ತಿಂಗಳು ಪ್ರತಿ ತಿಂಗಳು, ಬಳಿಕ ಮೂರು ತಿಂಗಳಿಗೊಮ್ಮೆ ಆಗಬೇಕು. ಅದು ತಪ್ಪಿದ್ದರೆ ಈ ವಾರವೇ ಮಾಡಿಸಿ. ಬೀಡಿ ಸೇದುವ ಅಭ್ಯಾಸವಿದ್ದರೆ ಗುಳಿಗೆಯ ಬಲ ರಕ್ತದಲ್ಲಿ ಕುಗ್ಗುತ್ತದೆ. ಭೇದಿಯಾಯಿತೆಂದು ಅಂಗಡಿಯಿಂದ ಸಿಪ್ರೊಫ್ಲಾಕ್ಸಸಿನ್ ತಂದು ಕೊಟ್ಟರೆ ಅದೇ ಬಲ ಅಪಾಯದ ಕಡೆಗೆ ಏರಬಹುದು. ಪಿರ್ಫೆನಿಡೋನ್ ನಿಜಕ್ಕೂ ಒಗ್ಗದಿದ್ದರೆ ನಿಂಟೆಡನಿಬ್ ಎಂಬ ಇನ್ನೊಂದು ಔಷಧ ನಮ್ಮಲ್ಲಿಯೇ ಸಿಗುತ್ತದೆ. ಅದರ ಮುಖ್ಯ ತೊಂದರೆ ಭೇದಿ. ರಕ್ತ ತೆಳುವಾಗಿಸುವ ಔಷಧ ನಡೆದಿದ್ದರೆ ಅದನ್ನು ಮೊದಲೇ ಹೇಳಿ. ಒಂದನ್ನು ನಿಲ್ಲಿಸಿ ಇನ್ನೊಂದಕ್ಕೆ ಹೋಗುವುದು ತಜ್ಞರ ಕೈಯಲ್ಲಿ ನಡೆಯಬೇಕು, ನಡುವೆ ತಿಂಗಳುಗಟ್ಟಲೆ ಖಾಲಿ ಬಿಡಬಾರದು. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆಗಳ ಬಗ್ಗೆಯೂ ವಿಚಾರಿಸಿ.

ಟ್ರಯಲ್ ಸೇರುವ ಆಸೆಯೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಒಳ್ಳೆಯ ಟ್ರಯಲ್‌ಗೆ ಸೇರಿದ ರೋಗಿಗಳನ್ನು ಹತ್ತಿರದಿಂದ ನೋಡಿಕೊಳ್ಳುತ್ತಾರೆ. ಆದರೆ ಪ್ಲಾಸಿಬೊ ಗುಂಪಿಗೆ ಬೀಳಬಹುದು, ಹೈದರಾಬಾದಿಗೋ ಬೆಂಗಳೂರಿಗೋ ಪದೇ ಪದೇ ಓಡಾಡಬೇಕಾಗಬಹುದು, ಹೊಸ ಔಷಧದ ತೊಂದರೆ ಮೊದಲು ಅವರಿಗೇ ಕಾಣಿಸಬಹುದು. ಇವನ್ನು ಒಪ್ಪಿಕೊಂಡು ಸೇರುವುದಾದರೆ ದಾರಿ ಹೀಗಿದೆ. ಭಾರತದಲ್ಲಿ ನಡೆಯುವ ಪ್ರತಿ ಟ್ರಯಲ್ ಮೊದಲ ರೋಗಿಯನ್ನು ಸೇರಿಸುವ ಮುನ್ನ ctri.nic.in ಎಂಬ ಸರ್ಕಾರಿ ತಾಣದಲ್ಲಿ ನೋಂದಣಿಯಾಗಬೇಕು. ನೋಂದಣಿ ಸಂಖ್ಯೆ CTRI ಎಂಬ ಅಕ್ಷರಗಳಿಂದ ಶುರುವಾಗಿ, ವರ್ಷ, ತಿಂಗಳು, ಕ್ರಮಸಂಖ್ಯೆ ಹೀಗೆ ಮುಂದುವರಿಯುತ್ತದೆ. ಭಾವನ ಪರಿಚಯದವರನ್ನು ಆ ಸಂಖ್ಯೆ ಕೇಳಿ. ಕೊಟ್ಟರೆ ತಾಣದಲ್ಲಿ ಹುಡುಕಿ: ಯಾವ ಔಷಧ, ಯಾವ ಹಂತ, ಯಾವ ಆಸ್ಪತ್ರೆ, ಜವಾಬ್ದಾರಿ ವೈದ್ಯರು ಯಾರು, ರೋಗಿಗಳ ಸೇರ್ಪಡೆ ತೆರೆದಿದೆಯೇ ಎಂಬುದೆಲ್ಲ ಅಲ್ಲಿರುತ್ತದೆ. ಆ ಆಸ್ಪತ್ರೆಗೆ ನೀವೇ ನೇರವಾಗಿ ಫೋನ್ ಮಾಡಿ, ನಡುವೆ ಯಾರೂ ಬೇಡ. ಒಪ್ಪಿಗೆ ಪತ್ರ ತಂದೆಯವರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಅದರಲ್ಲಿ ನೈತಿಕ ಸಮಿತಿಯ ಸಂಪರ್ಕ ಇರಬೇಕು, ಯಾವಾಗ ಬೇಕಾದರೂ ಹೊರಬರಬಹುದು ಎಂದು ಬರೆದಿರಬೇಕು, ಮನೆಗೆ ಒಂದು ಪ್ರತಿ ಕೊಡಬೇಕು. ‘ಈಗಿನ ಗುಳಿಗೆ ನಿಲ್ಲಿಸಬೇಕೇ’ ಎಂಬ ಪ್ರಶ್ನೆಗೆ ಉತ್ತರವೂ ಆ ಪತ್ರದಲ್ಲಿಯೇ ಇರುತ್ತದೆ. ಮೇಲೆ ಹೇಳಿದ ನೆರಾಂಡೊಮಿಲಾಸ್ಟ್ ಪರೀಕ್ಷೆಯಲ್ಲಿ ಬಹಳಷ್ಟು ರೋಗಿಗಳು ತಮ್ಮ ಹಳೆಯ ಔಷಧವನ್ನು ಮುಂದುವರಿಸಿಯೇ ಹೊಸದನ್ನು ತೆಗೆದುಕೊಂಡಿದ್ದರು. ಸಂಖ್ಯೆ ಕೇಳಿದ ಮೇಲೆ ಆ ವ್ಯಕ್ತಿ ಫೋನ್ ಎತ್ತುವುದನ್ನು ಬಿಟ್ಟರೆ, 80 ಸಾವಿರವನ್ನು ತಂದೆಯವರ ಮುಂದಿನ ತಿಂಗಳುಗಳ ಗುಳಿಗೆ, ರಕ್ತಪರೀಕ್ಷೆ ಮತ್ತು ಕಲಬುರಗಿಯ ಓಡಾಟದ ಖರ್ಚಿಗೆ ಎತ್ತಿಡಿ.